ಎಂಬತ್ತೈದು ಅಕ್ಷರ, ಒಂದು ಲೋಟ ನೀರು

ಸಂಶೋಧನಾ ಪೇಪರ್ ಬರೆದು ಮುಗಿಸಿದವರಿಗೆ ಜರ್ನಲ್‌ನವರು ಕೊಡುವ ಕೊನೆಯ ಶಿಕ್ಷೆಗೆ ಹೈಲೈಟ್ಸ್ ಎಂದು ಹೆಸರು. ಇಡೀ ಪ್ರಯೋಗದ ಸಾರ ಮೂರರಿಂದ ಐದು ಸಾಲಿನಲ್ಲಿ ಮುಗಿಯಬೇಕು. ಒಂದೊಂದು ಸಾಲೂ ಖಾಲಿ ಜಾಗ ಸೇರಿ ಎಂಬತ್ತೈದು ಅಕ್ಷರ ದಾಟಕೂಡದು. ಜೊತೆಗೊಂದು ಚಿತ್ರ ಬೇರೆ, ಗ್ರಾಫಿಕಲ್ ಅಬ್‌ಸ್ಟ್ರಾಕ್ಟ್. ಪೇಪರ್ ಓದಲು ಪುರುಸೊತ್ತಿಲ್ಲದವರಿಗೆ ಹೈಲೈಟ್ಸ್, ಅದನ್ನೂ ಓದಲು ಸೋಮಾರಿತನವಿರುವವರಿಗೆ ಚಿತ್ರ. ನಮ್ಮ ಪೈಕಿ ಎರಡನೆಯವರೇ ಹೆಚ್ಚು.

ತುಮಕೂರಿನ ಲ್ಯಾಬಿನಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಇಷ್ಟು: ಗುಬ್ಬಿಯ ನಮ್ಮ ತೋಟದಿಂದ ತೆಂಗಿನ ಚಿಪ್ಪು ತಂದು, ಸುಟ್ಟು ಇದ್ದಿಲು ಮಾಡಿ, ಅದಕ್ಕೆ ಅಲ್ಯೂಮಿನಾ ಎಂಬ ಬಿಳಿ ಪುಡಿ ಲೇಪಿಸಿ, ನೀರಿನಲ್ಲಿರುವ ಫ್ಲೋರೈಡ್ ತೆಗೆಯುವುದು. ಡಿಸ್ಟಿಲ್ಡ್ ವಾಟರಿಗೆ ನಾವೇ ಫ್ಲೋರೈಡ್ ಬೆರೆಸಿಕೊಂಡಾಗ ಇದ್ದಿಲು ಬಹಳ ಚೆನ್ನಾಗಿ ಕೆಲಸ ಮಾಡಿತು. ಅಮೃತೂರು ಕಡೆಯ ಬೋರ್‌ವೆಲ್ ನೀರಿಗೆ ಹಾಕಿದರೆ ಅದರ ಅರ್ಧದಷ್ಟೂ ಮಾಡಲಿಲ್ಲ. ಆ ನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಲವಣ ಜಾಸ್ತಿ. ಇದ್ದಿಲಿನ ಮೇಲೆ ಫ್ಲೋರೈಡ್ ಬಂದು ಕೂರಬೇಕಾದ ಜಾಗಕ್ಕೆಲ್ಲ ಅದು ಪ್ರೈವೇಟ್ ಬಸ್ಸಿನ ಸೀಟಿಗೆ ಹಾಕುವಂತೆ ಮೊದಲೇ ಟವಲ್ ಹಾಕಿಬಿಟ್ಟಿತ್ತು. ಇದನ್ನೂ ಪೇಪರಿನ ಕೊನೆಯ ಟೇಬಲ್ಲಿನಲ್ಲಿ ಕೊಟ್ಟಿದ್ದೆವು. ಸುಳ್ಳೇನೂ ಹೇಳಿರಲಿಲ್ಲ.

ಹೈಲೈಟ್ಸ್‌ನ ಮೊದಲ ಸಾಲೇ ಮಿತಿ ದಾಟಿತು. ನನ್ನ ಗೈಡ್ ಹಿಂದೆ ನಿಂತು ನೋಡಿದರು.

"‘ಲ್ಯಾಬಿನಲ್ಲಿ ತಯಾರಿಸಿದ’ ಅನ್ನೋದನ್ನ ತೆಗಿಯಮ್ಮ. ನೀರು ಅಂದ್ರೆ ನೀರೇ ತಾನೆ?"

ತೆಗೆದೆ. ಸಾಲು ಮಿತಿಯೊಳಗೆ ಕೂತಿತು. ಚಿತ್ರಕ್ಕೆ ಎಡದಿಂದ ಬಲಕ್ಕೆ ಚಿಪ್ಪು, ಇದ್ದಿಲು, ಬೀಕರ್ ಎಂದು ಪೆನ್ಸಿಲ್ಲಿನಲ್ಲಿ ಪ್ಲಾನ್ ಹಾಕಿದ್ದೆ.

"ಬೀಕರ್ ನೋಡಿದ್ರೆ ಎಡಿಟರ್‌ಗೆ ನಿದ್ದೆ ಬರ್ತದೆ. ಒಂದು ಬೋರ್‌ವೆಲ್ ಹಾಕು. ಪಕ್ಕದಲ್ಲಿ ಲೋಟ ಹಿಡ್ಕೊಂಡಿರೋ ಹುಡುಗಿ ಇರ್ಲಿ."

ಈ ಪೇಪರ್ ಒಪ್ಪಿಗೆಯಾಗದೆ ನನ್ನ ಥೀಸಿಸ್ ಅಲ್ಲಾಡುವಂತಿರಲಿಲ್ಲ. ಆದ್ದರಿಂದ ಹುಡುಗಿಗೆ ಎರಡು ಜಡೆ, ಕೆಂಪು ರಿಬ್ಬನ್, ಬೆಳ್ಳಗಿನ ಹಲ್ಲು, ಎಲ್ಲವನ್ನೂ ಧಾರಾಳವಾಗಿ ಕೊಟ್ಟೆ.

ಭಾನುವಾರ ಅಮೃತೂರಿನ ಅಕ್ಕನ ಮನೆಗೆ ಹೋದೆ. ಅವಳು ಅಲ್ಲೇ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಲ್ಲಿನ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಕಲೆ. ಕುಡಿಯಲು ಶಾಲೆಗೆ ಫಿಲ್ಟರ್ ನೀರು ಕ್ಯಾನಿನಲ್ಲಿ ಬರುತ್ತದೆ. ಬಾರದ ದಿನ ಅವಳ ಪಾಡು ಹೇಳತೀರದು. ನಾನು ಬರೆದದ್ದನ್ನು ಎಂದೂ ಓದದ ಅಕ್ಕ ಲ್ಯಾಪ್‌ಟಾಪಿನಲ್ಲಿದ್ದ ಚಿತ್ರವನ್ನು ಮಾತ್ರ ಬಗ್ಗಿ ಬಗ್ಗಿ ನೋಡಿದಳು.

"ನೀನು ತಗೊಂಡೋಗಿದ್ದು ನಮ್ ಸ್ಕೂಲ್ ಬೋರ್ ನೀರೇ ಅಲ್ವೇನೇ? ಹಂಗಾದ್ರೆ ಒಂದು ಡ್ರಮ್ ಇದ್ದಿಲು ಮಾಡ್ಕೊಡು. ಕ್ಯಾನ್ ನಿಲ್ಸಿಬುಡೋಣ."

"ಆ ನೀರಲ್ಲಿ ಸರ್ಯಾಗಿ ಕೆಲ್ಸ ಮಾಡಲ್ಲ ಕಣಕ್ಕ. ಟೇಬಲ್ಲಲ್ಲಿ ಬರ್ದಿದೀನಿ."

"ಇಲ್ಲಿ ಮಗು ಕುಡ್ಕೊಂಡು ನಗ್ತಾವ್ಳೆ, ನೀನು ಟೇಬಲ್ ಅಂತೀಯ. ನಿಮ್ ಸಾರ್ ಒಪ್ಪವ್ರೆ ಅಂದ್ಮೇಲೆ ಆಯ್ತದೆ ಬುಡು. ನಿಂಗೆ ಮೊದ್ಲಿಂದ್ಲೂ ಎಲ್ಲಾದಕ್ಕೂ ಅನುಮಾನ."

ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮೊದಲು ಅವಳ ಮೇಲೆ, ಆಮೇಲೆ ಆ ಎರಡು ಜಡೆಯವಳ ಮೇಲೆ.

ಸೋಮವಾರ ಪ್ಲಾನ್ ಬದಲಾಯಿಸಿದೆ. ಇದ್ದಿಲಿನಿಂದ ಎರಡು ಬಾಣ: ಮೇಲಿನದು ಲ್ಯಾಬ್ ನೀರಿನ ಬೀಕರಿಗೆ, ಕೆಳಗಿನದು ಬೋರ್ ನೀರಿನ ಕೊಡಕ್ಕೆ. ಕೊಡದ ಪಕ್ಕದ ಇದ್ದಿಲಿನ ಮೇಲೆಲ್ಲ ಬೈಕಾರ್ಬೊನೇಟ್ ಕೂತಿರುವಂತೆ ಚುಕ್ಕೆ ಇಟ್ಟೆ. ಮೊದಲ ಸಾಲಿನಲ್ಲಿ ‘ಲ್ಯಾಬ್’ ಮತ್ತೆ ತಂದೆ, ಜಾಗಕ್ಕಾಗಿ ಬೇರೆರಡು ವಿಶೇಷಣಗಳನ್ನು ಕಿತ್ತುಹಾಕಿದೆ. ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಇದ್ದಿಲಿನ ಸಾಮರ್ಥ್ಯವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂಬುದು ಮೂರನೆಯ ಸಾಲಾಯಿತು. ಹಳೆಯ ಚಿತ್ರ ಕಂಪ್ಯೂಟರಿನ ಇನ್ನೊಂದು ಕಿಟಕಿಯಲ್ಲಿ ತೆರೆದೇ ಇತ್ತು.

"ಹೈಲೈಟ್ಸ್ ಅಂದ್ರೆ ನಮ್ಮ ಹೆಚ್ಚುಗಾರಿಕೆ ಕಣಮ್ಮ," ಎಂದರು ಗೈಡ್. "ನಮ್ಮ ಮರ್ಯಾದೆ ನಾವೇ ತೆಗ್ಕೊಳ್ಳೋದಲ್ಲ. ಇದನ್ನ ಕಳ್ಸಿದ್ರೆ ರಿಜೆಕ್ಟ್ ಆಗ್ತದೆ. ನಿನ್ನ ಥೀಸಿಸ್ ಇನ್ನೊಂದು ವರ್ಷ ಮುಂದಕ್ಕೆ."

ಅವರು ಹೇಳಿದ್ದು ನಿಜವೇ ಆಗಬಹುದಿತ್ತು. ಹೆದರಿಕೆಯಾಯಿತು. ಆದರೂ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವರ ಕೈಗೇ ಕೊಟ್ಟೆ.

"ನಮ್ಮಕ್ಕ, ಸ್ಕೂಲ್ ಟೀಚರ್. ನಮ್ಮ ಚಿತ್ರ ನೋಡಿದಾರೆ. ನೀವೇ ಒಂದ್ಮಾತು ಹೇಳಿ ಸಾರ್."

ಅಕ್ಕ ಬಿಡುತ್ತಾಳೆಯೇ? "ನಮಸ್ಕಾರ ಸಾರ್. ಆ ಇದ್ದಿಲು ಹಾಕಿ ನಮ್ಮ ಬೋರ್ ನೀರನ್ನ ಮಕ್ಳಿಗೆ ಕುಡಿಸ್ಬೋದಲ್ವಾ? ನೀವು ಹೂಂ ಅಂದ್ರೆ ಕ್ಯಾನ್ ಬೇಡ ಅಂತೀವಿ."

ಮೈಕ್ ಸಿಕ್ಕರೆ ಗಂಟೆಗಟ್ಟಲೆ ಬಿಡದ ಮನುಷ್ಯನ ಕಣ್ಣು ಪರದೆಯ ಮೇಲಿನ ಹುಡುಗಿಯ ಕಡೆ ಹೋಯಿತು.

"ಬೇಡಮ್ಮ," ಎಂದರು. "ಕುಡಿಸ್ಬೇಡಿ."

ಫೋನ್ ನನಗೆ ಕೊಟ್ಟು, ಹಳೆಯ ಚಿತ್ರದ ಮುಂದೆ ತಾವೇ ಕೂತು ಮೌಸ್ ಹಿಡಿದರು. ಮೊದಲು ಲೋಟ ಹೋಯಿತು. ಹುಡುಗಿ ಖಾಲಿ ಕೈ ಬಾಯಿಗೆ ಹಿಡಿದು ನಗುತ್ತಲೇ ಇದ್ದಳು. ಅವಳನ್ನು ಅಳಿಸುವಾಗ ಸಾರ್ ನನ್ನ ಮುಖ ನೋಡಲಿಲ್ಲ.