ಭೂಮಿಯ ವಾರಿಗೆಯವರು

ಸಂಶೋಧನೆಯ ಮೊದಲ ವರ್ಷ ನಾನೂ ನನ್ನ ಮೇಷ್ಟ್ರೂ ಹೊಳೆನರಸೀಪುರದ ಸುತ್ತ ಹಳೆಯ ಬಂಡೆಗಳನ್ನು ಹುಡುಕುತ್ತಿದ್ದೆವು. ಹಳೇಕೋಟೆ ಕಡೆಯ ಒಂದು ರಾಗಿ ಹೊಲದಲ್ಲಿ ಬೂದುಬಣ್ಣದ ಪಟ್ಟೆಪಟ್ಟೆ ಬಂಡೆ ಕಂಡು ಮೇಷ್ಟ್ರು ಸುತ್ತಿಗೆ ತೆಗೆದರು. ಹೊಲದ ಒಡತಿ ಕಳೆ ಕೀಳುವುದು ಬಿಟ್ಟು ಎದ್ದು ಬಂದರು.

"ಹುರುಳಿ ಒಣಗಾಕೋ ಬಂಡೆ ಸಾ ಅದು."

"ಅಂಚಿನಲ್ಲಿ ಸ್ವಲ್ಪ ಸಾಕಮ್ಮ. ಇದರ ವಯಸ್ಸು ನೋಡಬೇಕು."

"ಕಲ್ಲಿಗೂ ವಯಸ್ಸು ನೋಡ್ತಾರಾ? ತಕಳಿ. ಗೊತ್ತಾದ್ಮ್ಯಾಲೆ ನಂಗೂ ಬಂದು ಏಳ್ಬೇಕು."

ಕಲ್ಲನ್ನು ಪುಡಿ ಮಾಡಿ ಜಿರ್ಕಾನ್ ಎಂಬ ಸಣ್ಣ ಹರಳುಗಳನ್ನು ಆರಿಸಿದೆ. ಈ ಹರಳು ಹುಟ್ಟುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಹೆಚ್ಚುಕಡಿಮೆ ಹೊರಗೇ ಉಳಿಯುತ್ತದೆ. ಆಮೇಲೆ ಯುರೇನಿಯಂ ತನ್ನ ನಿಗದಿತ ಗತಿಯಲ್ಲಿ ಸೀಸವಾಗುತ್ತ ಹೋಗುತ್ತದೆ. ಎರಡೂ ಎಷ್ಟೆಷ್ಟಿವೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ.

ಫಲಿತಾಂಶ ಬಂದ ಮೇಲೆ ಇಬ್ಬರೂ ಹೊಲದ ಒಡತಿಯ ಮನೆಗೆ ಹೋದೆವು. ಅಕ್ಕ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ನಿಮ್ಮ ಬಂಡೆಗೆ ಸುಮಾರು ಮುನ್ನೂರ ಮೂವತ್ತು ಕೋಟಿ ವರ್ಷ, ಅಕ್ಕ."

"ಭೂಮ್ತಾಯಿ ಉಟ್ದಾಗಿಂದ ಐತೆ ಅನ್ನು."

"ಇಲ್ಲ, ಭೂಮಿಗೆ ನಾನೂರ ಐವತ್ತೈದು ಕೋಟಿಯ ಹತ್ತಿರ."

ಅವರ ಮುಖ ಸಣ್ಣಗಾಯಿತು. "ಅಷ್ಟು ಅಳೇ ಕಲ್ಲು ಎಲ್ಲೈತೆ?"

"ಭೂಮಿಯಲ್ಲಿ ಸಿಕ್ಕಿಲ್ಲ. ಮೊದಲಿನವೆಲ್ಲ ಕರಗಿ ಬೇರೆ ಕಲ್ಲಾಗಿವೆ. ಭೂಮಿ ಹುಟ್ಟಿದ ಕಾಲದಲ್ಲೇ ಹುಟ್ಟಿದ ಕಲ್ಲುಗಳು ಆಕಾಶದಿಂದ ಬಿದ್ದಿವೆ, ಉಲ್ಕಾಶಿಲೆಗಳು. ಅವುಗಳ ವಯಸ್ಸು ನೋಡಿದರು."

"ನಂಗೂ ಅಂಗೇ ಕಣವ್ವ. ನಾನು ಉಟ್ಟಿದ್ದನ್ನ ಯಾರೂ ಬರ್ದಿಡ್ನಿಲ್ಲ. ಇಸ್ಕೂಲಿಗೆ ಸೇರ್ಸುವಾಗ ನನ್ ವಾರಿಗೆಯವಳ ವಯಸ್ಸೇ ನಂಗೂ ಏಳುದ್ರು." ಆಮೇಲೆ ನನ್ನತ್ತ ಬಾಗಿ ಕೇಳಿದರು, "ಅವ್ಳು ನನ್ ವಾರಿಗೆ ಅಂತ ನಮ್ಮವ್ವಂಗೆ ಗೊತ್ತಿತ್ತು. ಆ ಕಲ್ಲು ಭೂಮ್ತಾಯಿ ವಾರಿಗೆ ಅಂತ ಏಳೋರು ಯಾರು?"

ನಾನು ಮೇಷ್ಟ್ರ ಮುಖ ನೋಡಿದೆ. ಅವರಿಗೆ ಖುಷಿಯೋ ಖುಷಿ. ಸೀಮೆಸುಣ್ಣ ತೆಗೆದು ಜಗಲಿಯ ಮೇಲೇ ಒಂದು ಓರೆಗೆರೆ ಎಳೆದರು.

"ಯುರೇನಿಯಂನಿಂದ ಹುಟ್ಟುವ ಎರಡು ಬಗೆಯ ಸೀಸವನ್ನು ಒಂದರ ಎದುರು ಒಂದಿಟ್ಟು ಅಳೆದರೆ ಬರುವ ಗೆರೆ ಇದು. ಕಬ್ಬಿಣದ ಉಲ್ಕೆಯಲ್ಲಿ ಯುರೇನಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅದರ ಸೀಸ ಮೊದಲಿದ್ದ ಹಾಗೇ ಇದೆ. ಅದು ಗೆರೆಯ ಈ ತುದಿ. ಕಲ್ಲಿನ ಉಲ್ಕೆಗಳಲ್ಲಿ ಹೊಸ ಸೀಸ ಹುಟ್ಟಿ ಸೇರಿದೆ. ಅವು ಇನ್ನೂ ಮೇಲಕ್ಕೆ, ಆದರೆ ಇದೇ ಗೆರೆಯಲ್ಲಿ. ಗೆರೆ ಎಷ್ಟು ಓರೆ ಅನ್ನುವುದೇ ವಯಸ್ಸು ಹೇಳುತ್ತೆ. ಆಮೇಲೆ ಭೂಮಿಯ ಎಲ್ಲ ಕಡೆಯಿಂದ ಹರಿದು ಬಂದು ಸೇರಿದ ಸಮುದ್ರದ ತಳದ ಮಣ್ಣಿನ ಸೀಸ ಅಳೆದು ನೋಡಿದರು. ಅದೂ ಈ ಗೆರೆಗೇ ಬಂದು ಕೂತಿತು, ನೋಡಮ್ಮ."

ಅಕ್ಕ ಗೆರೆಯನ್ನೇ ನೋಡುತ್ತ, "ಅಂಗಾದ್ರೆ ಭೂಮ್ತಾಯೇ ಸಾಕ್ಷಿ ಏಳವ್ಳೆ," ಎಂದರು.

ಹಾಸನದ ಬಸ್ಸಿನಲ್ಲಿ ಅಕ್ಕ ಕೊಟ್ಟ ಅವರೆಕಾಯಿ ಚೀಲ ಮಡಿಲಲ್ಲಿಟ್ಟುಕೊಂಡು ಮೇಷ್ಟ್ರು ಹೇಳಿದರು: "ಈ ಪ್ರಶ್ನೆಯನ್ನ ಪರೀಕ್ಷಕರೂ ಕೇಳ್ತಾರೆ. ಆಗ ನನ್ನ ಮುಖ ನೋಡಬೇಡ."

ನನ್ನ ಮೌಖಿಕ ಪರೀಕ್ಷೆಯಲ್ಲಿ ಅವರು ಕೇಳಿಯೇ ಕೇಳಿದರು. ವಾರಿಗೆಯ ಮಾತಿನಿಂದಲೇ ಶುರುಮಾಡಿ ಗೆರೆ ಎಳೆದು ತೋರಿಸಿದೆ. ಕೊನೆಯ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಕಿಟಕಿಯಾಚೆ ನೋಡುತ್ತ, ನಗು ತಡೆಯಲಾರದೆ ಕನ್ನಡಕ ಒರೆಸುತ್ತಿದ್ದರು.