ಶಿಡ್ಲಘಟ್ಟದ ಬಾಡಿಗೆ ಮನೆ ತೊಳೆದುಕೊಟ್ಟಿದ್ದು

ನಾವು ಶಿಡ್ಲಘಟ್ಟದಲ್ಲಿ ಆರು ವರ್ಷ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಮನೆ ಯಜಮಾನಮ್ಮ, ಮೇಲೆ ನಾವು. ನಮ್ಮ ಮನೆಯವರು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ತೂಗೋ ಕೆಲಸದಲ್ಲಿದ್ದರು. ಅವರಿಗೆ ಚಿಂತಾಮಣಿಗೆ ವರ್ಗ ಆಯಿತು. ಆಗ ಅರವತ್ತರ ಮೇಲೆ ಎರಡೋ ಮೂರೋ ಇಸವಿ.

ಚಿಂತಾಮಣಿಯಲ್ಲಿ ನಾಲ್ಕು ಮಕ್ಕಳಿರೋರಿಗೆ ಯಾರೂ ಮನೆ ಕೊಡೋದಿಲ್ಲ. ಕೊಡೋರು ಒಬ್ಬರೇ, ನಮ್ಮ ಯಜಮಾನಮ್ಮನ ತಂಗಿ. ಆಕೆ ಹೇಳಿಕಳಿಸಿದಳು: "ಮನೆ ಶುಚಿಯಾಗಿ ಬಿಟ್ಟುಬಂದ್ರು ಅಂತ ನಮ್ಮಕ್ಕನ ಕೈಲಿ ಒಂದು ಕಾಗದ ತನ್ನಿ, ಬೀಗದಕೈ ತಗೊಳ್ಳಿ." ನಮ್ಮವರು ಆಗಲೇ ಅಲ್ಲಿ ಕೆಲಸಕ್ಕೆ ಸೇರಿ, ಯಾರದೋ ಜಗಲಿ ಮೇಲೆ ಮಲಗಿ, ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರು. ಆ ಕಾಗದ ಸಿಗದಿದ್ದರೆ ನಾನೂ ನಾಲ್ಕು ಮಕ್ಕಳೂ ಅದೇ ಜಗಲಿಗೆ.

ಯಜಮಾನಮ್ಮ ಏನು ಕಡಿಮೆಯವಳಾ? ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿದ್ದ ಅಳಿಯ ಹಬ್ಬಕ್ಕೆ ಬಂದಾಗ ಅವನ ಕೈಲಿ ಒಂದು ಪಟ್ಟಿ ಬರೆಸಿದಳು. ಅವನು ಊರಿಗೆ ಹೋದ ಮೇಲೆ ತಂದು ನಮ್ಮ ಅಡುಗೆಮನೆ ಮೊಳೆಗೆ ಚುಚ್ಚಿದಳು. "ಇದರಲ್ಲಿರೋದೆಲ್ಲ ಆದಮೇಲೆ ಕಾಗದದ ಮಾತು" ಅಂದಳು. ದೊಡ್ಡ ಸರ್ಕಾರಿ ಆರ್ಡರು.

ನನ್ನ ಓದು ಮೂರನೇ ಕ್ಲಾಸಿಗೆ ಮುಗಿದಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದೋದು. ಎರಡು ದಿನ ಹಿಡೀತು. ಒಟ್ಟು ಒಂಬತ್ತು ಬಾಬ್ತು ಇತ್ತು. ಮೇಷ್ಟ್ರು ಒಳ್ಳೇ ಮೇಷ್ಟ್ರೇ, ಕ್ರಮವಾಗಿ ಬರೆದಿದ್ದ: ಮೊದಲು ಗೋಡೆ ಬೀರು, ಆಮೇಲೆ ಒಲೆ, ಕೊನೆಗೆ ಬಚ್ಚಲು. ಜೀವಮಾನದಲ್ಲಿ ಒಂದು ಲೋಟ ತೊಳೆದವನಲ್ಲ ಅಂತ ಓದಿದ ಕೂಡಲೇ ಗೊತ್ತಾಯಿತು. "ಒಲೆಯನ್ನು ನೀರಿನಲ್ಲಿ ಚೆನ್ನಾಗಿ ತೊಳೆಯುವುದು" ಅಂತ ಬರೆದಿದ್ದ. ಮಣ್ಣಿನ ಒಲೆ! ತೊಳೆದಿದ್ದರೆ ಹರಿದುಕೊಂಡು ಬಚ್ಚಲಿಗೆ ಬಂದಿರೋದು, ಬಚ್ಚಲ ಬಾಬ್ತಿಗೆ ಅನುಕೂಲ ಆಗಿರೋದು.

ಬೀರು ಅಂದರೆ ಗೋಡೆಯಲ್ಲಿ ಕೂರಿಸಿದ ಹಲಗೆ ಬಾಗಿಲಿನ ಬೀರು, ಮೂರು. ಹಳೇ ಕಾಗದ ಕಿತ್ತು, ಜಿರಲೆ ಮೊಟ್ಟೆ ಕೆರೆದು, ಒಲೆ ಹೊಗೆಯ ಜಿಡ್ಡಿಗೆ ಬಿಸಿನೀರಲ್ಲಿ ಸೋಡಾ ಕರಗಿಸಿ ಮೇಲಿನ ಹಲಗೆಯಿಂದ ಕೆಳಗೆ ಉಜ್ಜಿದೆ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಬಾಗಿಲು ಇಡೀ ದಿನ ತೆರೆದಿಟ್ಟೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಕೀಲಿಗೆ ಒಂದೊಂದು ತೊಟ್ಟು ಎಣ್ಣೆ. ನಾವು ಆ ಮನೆಗೆ ಬಂದಾಗ ಅದೇ ಬೀರಲ್ಲಿ ಇಲಿ ಸಂಸಾರ ಮಾಡಿಕೊಂಡಿತ್ತು. ಅದರ ಕೈಲಿ ಯಾರೂ ಕಾಗದ ಕೇಳಿರಲಿಲ್ಲ.

ಒಲೆಯ ಬೂದಿ ಎಲ್ಲ ತೆಗೆದು, ಮಸಿ ಕೆರೆದು, ಬಿರುಕಿಗೆ ಮಣ್ಣು ಮೆತ್ತಿ, ಒಣಗಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದೆ. ಯಜಮಾನಮ್ಮ ಕೊಟ್ಟಿದ್ದ ಹಿತ್ತಾಳೆ ಪಂಪ್ ಸ್ಟೌವಿನ ಸೀಮೆಎಣ್ಣೆ ಬಗ್ಗಿಸಿ, ಪಿನ್ನು ಹಾಕಿ ತೂತು ಬಿಡಿಸಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ. ಹುಳಿಯನ್ನು ಕೂಡಲೇ ತೊಳೆದು ಒರೆಸಬೇಕು, ಬಿಟ್ಟರೆ ಹಿತ್ತಾಳೆ ಮತ್ತೆ ಕಪ್ಪಾಗುತ್ತೆ. ಬಚ್ಚಲ ತೊಟ್ಟಿಯ ನಲ್ಲಿಗೆ ನಮ್ಮ ಬಾವಿ ನೀರಿನ ಬಿಳೀ ಉಪ್ಪು ಕಲ್ಲಿನ ಹಾಗೆ ಕಟ್ಟಿತ್ತು. ಹುಣಸೆ ರಸದಲ್ಲಿ ನೆನೆಸಿದ ಬಟ್ಟೆ ಸುತ್ತಿ ಕಟ್ಟಿ, ಅದು ಮೆತ್ತಗಾಗೋದರಲ್ಲಿ ತಾಮ್ರದ ಹಂಡೆ ಒಳಗೂ ಹೊರಗೂ ಬೆಳಗಿ, ಬಚ್ಚಲ ಮೋರಿಯ ಜಾಲರಿಯಿಂದ ಆರು ವರ್ಷದ ಕೂದಲು ಕಿತ್ತೆ. ಅದರಲ್ಲಿ ಅರ್ಧ ನಮ್ಮದಾಗಿರಲಿಲ್ಲ, ಇರಲಿ.

ಹೊರಡೋ ಹಿಂದಿನ ದಿನ ಮಧ್ಯಾಹ್ನ ಯಜಮಾನಮ್ಮ ತಪಾಸಣೆಗೆ ಬಂದಳು. ಪಟ್ಟಿ ಕೈಯಲ್ಲಿ ಹಿಡಿದು ಬೀರಿನೊಳಗೆ ಮೂಗು ತೂರಿಸಿದಳು, ಹಲಗೆ ಮೇಲೆ ಬೆರಳು ಎಳೆದಳು, ಬೆರಳು ನೋಡಿದಳು. ಬೆರಳು ಬೆಳ್ಳಗಿತ್ತು, ಪಾಪ ಬೇಜಾರಾಯಿತು.

"ಒಂಬತ್ತೂ ಆಯ್ತು ಅಮ್ಮಾವ್ರೆ. ಕಾಗದ ಕೊಡಿ."

"ಒಂಬತ್ತು ಎಲ್ಲಮ್ಮಾ? ಇಲ್ಲಿ ಹತ್ತನೇದು ಇದೆಯಲ್ಲಾ. ಅಟ್ಟದ ಮೇಲಿನ ದೊಡ್ಡ ಪಾತ್ರೆಗಳು ಬೆಳಗೋದು."

ಅವು ಅವಳ ಪಾತ್ರೆಗಳು. ಅವಳ ಮದುವೆಯ ಪಾತ್ರೆಗಳು. ಬೆಳಗಿದೆ.

ಇಳಿಸಂಜೆಗೆ ಮತ್ತೆ ಬಂದಳು. "ಹನ್ನೊಂದನೇದು, ಕೆಳಗಿನ ಬಚ್ಚಲ ನಲ್ಲಿ." ಅದು ಅವಳ ಬಚ್ಚಲು. ಅದನ್ನೂ ತಿಕ್ಕಿದೆ. ತಿಕ್ಕುತ್ತಾ ಅವಳ ಕೈ ನೋಡಿದೆ. ಹತ್ತನೇದು ಓದುವಾಗಲೂ ಹನ್ನೊಂದನೇದು ಓದುವಾಗಲೂ ಅವಳ ಬೆರಳು ಒಂದೇ ಸಾಲಿನ ಮೇಲೆ ನಿಂತಿತ್ತು. ಅದು ಒಲೆ ತೊಳೆಯೋ ಸಾಲು. ನನಗೆ ಓದೋದು ಕಷ್ಟ. ಆಕೆಗೆ ಆ ಕಷ್ಟವೇ ಇಲ್ಲ, ಓದೋದೇ ಬರೋದಿಲ್ಲ.

"ಇದೇಮಿಟಮ್ಮಾ, ಇನ್ನೂ ಒಂದಿದೆ" ಅಂದಳು. ಕೆಲಸ ಹೇಳೋಕೆ ಹುರುಪು ಬಂದಾಗ ಆಕೆಗೆ ತೆಲುಗು ಬರೋದು. "ಹನ್ನೆರಡನೇದು, ನಮ್ಮ ಅಡುಗೆಮನೆ ಬೀರು..."

ಬಾಯಿಗೆ ಬಂದಿತ್ತು. ನಿಮಗೆ ಓದಕ್ಕೆ ಬರಲ್ಲ ಅಂತ ಅಂದುಬಿಟ್ಟಿದ್ದರೆ ಹೊಟ್ಟೆ ತಣ್ಣಗಾಗೋದು, ಕಾಗದ ಹೋಗೋದು. ಕೈ ಒರೆಸಿಕೊಂಡು ಎದ್ದೆ.

"ಕೊಡಿ ಅಮ್ಮಾವ್ರೆ ಇಲ್ಲಿ. ಹದಿಮೂರನೇದೂ ಇದೆಯಾ ನೋಡಿಬಿಡ್ತೀನಿ, ಎಲ್ಲ ಒಟ್ಟಿಗೆ ಮುಗಿಸಿದ್ರೆ ನಿಮಗೂ ಮಹಡಿ ಹತ್ತೋದು ತಪ್ಪುತ್ತೆ."

ಪಟ್ಟಿ ಈಸಿಕೊಂಡು ಬೆರಳಿಟ್ಟು ನಿಧಾನವಾಗಿ ಓದಿದೆ. "ಹನ್ನೆರಡನೇದು. ಬಾಡಿಗೆಯವರು... ಎಲ್ಲ ಶುಚಿ ಮಾಡಿದ ಮೇಲೆ... ಯಜಮಾನಮ್ಮನವರು ಅದೇ ದಿನ ಸಂಜೆಯೊಳಗೆ... ತಂಗಿಗೆ ಕಾಗದ ಕೊಡುವುದು." ಒಂಬತ್ತರ ಕೆಳಗೆ ಖಾಲಿ ಜಾಗ ಇತ್ತಲ್ಲ, ಅಲ್ಲೇ ಬೆರಳಿಟ್ಟಿದ್ದೆ.

ಆಕೆ ಕಾಗದ ನೋಡಿದಳು, ನನ್ನ ಮುಖ ನೋಡಿದಳು.

"ಎಲ್ಲಿದೆ?"

"ಇಲ್ಲೇ. ನೀವು ಹನ್ನೊಂದನೇದು ಓದಿದ್ರಲ್ಲಾ, ಅದರ ಕೆಳಗೆ."

ಈಗ ಆಕೆ ಇಲ್ಲ ಅಂದರೆ ಹತ್ತು ಹನ್ನೊಂದೂ ಇಲ್ಲ ಅನ್ನಬೇಕು.

"ಹೂಂ, ಇದೆ, ಇದೆ. ನಾನೇ ಅಲ್ವಾ ಬರೆಸಿದ್ದು" ಅಂದಳು. "ಆದ್ರೆ ಅಳಿಯ ಊರಿಗೆ ಹೋದ್ನಲ್ಲಮ್ಮಾ, ನನ್ನ ಕನ್ನಡಕ ಬೇರೆ ಒಡೆದಿದೆ." ಆಕೆ ಕನ್ನಡಕ ಹಾಕಿದ್ದನ್ನು ನಾನು ಆರು ವರ್ಷದಲ್ಲಿ ಕಂಡಿರಲಿಲ್ಲ. "ನಾನು ಹೇಳ್ತೀನಿ, ನೀನೇ ಬರಿ."

ದೊಡ್ಡ ಮಗಳ ಸ್ಕೂಲು ಪುಸ್ತಕದ ಹಾಳೆ ಹರಿದು ಕೂತೆ. ಆಕೆ ಉದ್ದಕ್ಕೆ ಹೇಳಿದಳು. ಬಾಡಿಗೆಯವರು ತಕ್ಕಮಟ್ಟಿಗೆ ಪರವಾಗಿಲ್ಲ, ಒಲೆಯ ಹಿಂದೆ ಕೊಂಚ ಮಸಿ ಉಳಿದಿದೆ, ಮಕ್ಕಳು ಮೆಟ್ಟಿಲ ಮೇಲೆ ದಬದಬ ಓಡುತ್ತವೆ, ಯೋಚನೆ ಮಾಡಿ ಕೊಡು. ನನ್ನ ಓದಿಗೆ ಅಷ್ಟು ದೊಡ್ಡ ಮಾತುಗಳು ಬರೆಯೋಕೆ ಬರುತ್ತಾ? ಬಂದಷ್ಟು ಬರೆದೆ: ಮನೆ ಶುಚಿ. ಜನ ಸರಿ. ಕೊಡು.

"ಇಷ್ಟೇನಾ? ನಾನು ಅಷ್ಟು ಹೇಳಿದ್ನಲ್ಲಾ?"

"ಒತ್ತಕ್ಷರ ಹಾಕಿದೀನಿ ಅಮ್ಮಾವ್ರೆ, ಜಾಗ ಉಳಿಯುತ್ತೆ."

ಹೆಬ್ಬೆಟ್ಟು ಒತ್ತಿದಳು. ಬೇರೆ ಮಸಿ ಇರಲಿಲ್ಲ, ಹಂಡೆ ಒಲೆಯ ಗೋಡೆಯಿಂದ ಕೆರೆದು ಎಣ್ಣೆಯಲ್ಲಿ ಕಲಸಿಕೊಟ್ಟೆ. ಅಲ್ಲೊಂದು ಮೂಲೆ ನಾನು ಉಜ್ಜಿರಲಿಲ್ಲ, ಆಕೆಗೂ ಕಂಡಿರಲಿಲ್ಲ.

ಮಾರನೇ ದಿನ ಚಿಂತಾಮಣಿಯಲ್ಲಿ ತಂಗಿ ಕಾಗದ ಓದಿದಳು. ಆಕೆಗೆ ಓದಕ್ಕೆ ಬರ್ತಿತ್ತು. ಅಕ್ಕನ ಹೆಬ್ಬೆಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿ ಬೀಗದಕೈ ಕೊಟ್ಟಳು. ಮನೆ ತೆರೆದರೆ ಒಲೆ ತುಂಬ ಬೂದಿ, ಬೀರಲ್ಲಿ ಕೊಳೆತ ಈರುಳ್ಳಿ, ನಲ್ಲಿ ಮೇಲೆ ಬೆರಳು ದಪ್ಪ ಉಪ್ಪು.

"ಹಿಂದಿನವರು ತೊಳೆದು ಹೋಗಲಿಲ್ವಾ ಅಮ್ಮಾವ್ರೆ?"

"ಅವರು ದೊಡ್ಡ ಮನೆತನದೋರು ಕಣಮ್ಮಾ, ಅವರಿಗೆ ಹೆಂಗೆ ಹೇಳೋದು?"

ಸೆರಗಿನ ಗಂಟಲ್ಲಿ ಪಟ್ಟಿ ಇನ್ನೂ ಇತ್ತು. ಬಿಚ್ಚಿ ಕೊಟ್ಟೆ, ಇನ್ನು ಮುಂದೆ ಹೇಳೋಕೆ ಬರುತ್ತೆ ಅಂತ. ಆಕೆ ಒಂದರಿಂದ ಒಂಬತ್ತರವರೆಗೆ ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು. ಹತ್ತನೇದು ಓದಲಿಲ್ಲ.

"ಪರವಾಗಿಲ್ಲ, ನಮ್ಮಕ್ಕ ಚೆನ್ನಾಗಿ ಬರೆಸಿದ್ದಾಳೆ" ಅಂತ ಮಡಿಸಿ ನನ್ನ ಕೈಗೇ ವಾಪಸ್ಸು ಕೊಟ್ಟಳು. "ಇಟ್ಕೋ ಅಮ್ಮಾ. ನೀವು ಖಾಲಿ ಮಾಡುವಾಗ ಬೇಕಾಗುತ್ತೆ."

ಇಟ್ಟುಕೊಂಡೆ. ಗಾಡಿಯಿಂದ ಪಾತ್ರೆ ಇಳಿಸೋಕೆ ಮುಂಚೆ ನೀರು ಕಾಯೋಕಿಟ್ಟು, ಸೋಡಾ ಹಾಕಿ, ಒಂದನೇ ಬಾಬ್ತಿನಿಂದ ಶುರು ಮಾಡಿದೆ.