ಟಿ.ವಿ. ಕೋಣೆಯ ನಾಲ್ಕು ಕುರ್ಚಿ

ಬೀಗದಕ್ಕನ ಸೊಂಟದ ಗೊಂಚಲಿನಲ್ಲಿ ಒಂಬತ್ತು ಕೀಲಿಗಳಿವೆ. ಹೋದ ವಾರ ಅವು ಎಂಟಾಗುವುದರಲ್ಲಿದ್ದವು. ಆಗಲಿಲ್ಲ. ಆಗದೆ ಹೋದದ್ದು ಹೇಗೆಂದು ಹೇಳಬೇಕಾದರೆ ಆಕೆಯಿಂದಲೇ ಶುರು ಮಾಡಬೇಕು.

ಮೇಷ್ಟ್ರಾಗುವವರಿಗೆ ಪಾಠ ಹೇಳುವುದನ್ನು ಕಲಿಸುವ ಕಾಲೇಜು ಅದು. ಅಲ್ಲಿ ಆಕೆ ಮೂವತ್ತೊಂದು ವರ್ಷದಿಂದ ಅಟೆಂಡರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ, ಉಳಿದವರಿಗೆಲ್ಲ ಬೀಗದಕ್ಕ. ಅಕ್ಷರ ಕೂಡಿಸಿ ಓದುವುದು ಕಷ್ಟ, ಅಂಕಿ ಮಾತ್ರ ನೀರು ಕುಡಿದ ಹಾಗೆ. ಯಾವ ಕೋಣೆ ಎಷ್ಟು ಗಂಟೆಗೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು, ಯಾರು ಏನು ಒಯ್ದರು, ಎಲ್ಲವನ್ನೂ ಉದ್ದನೆಯ ಪುಸ್ತಕದಲ್ಲಿ ಅಂಕಿ ಮತ್ತು ಗೀಟುಗಳಲ್ಲಿ ಬರೆದಿಡುತ್ತಿದ್ದಳು. ಯಾರೂ ಕೇಳಿದ್ದಲ್ಲ. ಆಕೆಗೆ ಬರೆಯದಿದ್ದರೆ ನಿದ್ದೆ ಬಾರದು, ಅಷ್ಟೆ.

ಒಂಬತ್ತನೆಯ ಕೀಲಿ ಮಹಡಿಯ ಕೊನೆಯ ಟಿ.ವಿ. ಕೋಣೆಯದು. ಒಂದು ಕರಿಹಲಗೆ, ಎರಡು ಬೆಂಚು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದೇ ಒಂದು ಕ್ಯಾಮರಾ. ನಡುವಿನ ಬಾಗಿಲು ದಾಟಿದರೆ ಪುಟ್ಟ ಕೋಣೆ, ಅಲ್ಲಿ ಒಂದು ಟಿ.ವಿ. ಇದೆ. ಹಿಂದೆ ಹಳೆ ಮೇಷ್ಟ್ರೊಬ್ಬರಿದ್ದಾಗ ವಿದ್ಯಾರ್ಥಿಗಳು ಕ್ಯಾಮರಾದ ಮುಂದೆ ಆರು ನಿಮಿಷ ಪಾಠ ಮಾಡಿ, ಪಕ್ಕದ ಕೋಣೆಯಲ್ಲಿ ತಮ್ಮನ್ನು ತಾವೇ ನೋಡಿ ನಾಚಿ ಕೆಂಪಾಗುತ್ತಿದ್ದರು. ಮೇಷ್ಟ್ರು ನಿವೃತ್ತರಾದರು, ಸಿಲೆಬಸ್ಸು ಬದಲಾಯಿತು, ಕ್ಯಾಮರಾ ಚೀಲ ಸೇರಿತು. ಅದಾಗಿ ಹತ್ತು ವರ್ಷ. ಆದರೂ ಬೀಗದಕ್ಕ ಪ್ರತಿ ವಾರ ಚೀಲ ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದಳು.

"ಯಾರಿಗಕ್ಕ ಈ ಸಿಂಗಾರ?" ಎಂದು ಗ್ರಂಥಪಾಲಕ ರೇಗಿಸುತ್ತಿದ್ದ.

"ನಿನ್ನ ಪುಸ್ತಕಾನಾದ್ರೂ ಗೆದ್ದಲು ಓದುತ್ತೆ. ನಂದನ್ನ ಒರೆಸೋರು ಯಾರಪ್ಪ?"

ಈ ವರ್ಷ ಹೊಸ ಸಿಲೆಬಸ್ಸಿಗೆ ಆದೇಶ ಬಂತು. ಶೈಕ್ಷಣಿಕ ತಂತ್ರಜ್ಞಾನವೆಂಬ ಪತ್ರಿಕೆಯ ಪಠ್ಯಕ್ರಮ ಬರೆಯುವ ಕೆಲಸ ಕಾಲೇಜಿನ ಚಿಕ್ಕ ಮೇಡಮ್ಮಿನ ಪಾಲಿಗೆ ಬಿತ್ತು. ಹನ್ನೆರಡು ವರ್ಷದ ಹಿಂದೆ ಆಕೆಯೂ ಇದೇ ಕಾಲೇಜಿನ ವಿದ್ಯಾರ್ಥಿನಿ, ಬೀಗದಕ್ಕ ಹಿಡಿದ ಕ್ಯಾಮರಾದ ಮುಂದೆ ನಡುಗಿದವಳು. ಮೊದಲ ಸಲ ಪೂರ್ತಿ ಆರು ನಿಮಿಷ ಮಕ್ಕಳಿಗೆ ಬೆನ್ನು ಹಾಕಿ ಹಲಗೆಗೆ ಪಾಠ ಹೇಳಿದ್ದಳು. ಟಿ.ವಿ.ಯಲ್ಲಿ ತನ್ನ ಬೆನ್ನನ್ನೇ ಆರು ನಿಮಿಷ ನೋಡಿ, ಎರಡನೇ ಸಲ ತಿರುಗಿ ನಿಂತಳು. ಅಲ್ಲಿಂದ ಇಲ್ಲಿಯವರೆಗೆ ತಿರುಗಿಯೇ ನಿಂತಿದ್ದಾಳೆ. ಹಾಗಾಗಿ ಹೊಸ ಪತ್ರಿಕೆಯಲ್ಲಿ ಆ ಅಭ್ಯಾಸ ಮರಳಿ ಬರಲೇಬೇಕು ಎಂಬುದು ಆಕೆಯ ಹಟ.

ಸದ್ದಿಲ್ಲದ ಜಾಗವೆಂದು ಆಕೆ ಟಿ.ವಿ. ಕೋಣೆಯಲ್ಲೇ ಕೂತು ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಕಸ ಗುಡಿಸುತ್ತಿದ್ದ ಬೀಗದಕ್ಕನಿಗೂ ಬಾಯಿಪಾಠವಾಯಿತು. ನಾಲ್ಕು ಕ್ರೆಡಿಟ್ಟಿನ ಪತ್ರಿಕೆ. ಮೂರು ಪಾಠದ್ದು, ಒಂದು ಪ್ರಾಯೋಗಿಕದ್ದು. ಪಾಠಕ್ಕೆ ನಲವತ್ತೈದು ಗಂಟೆ, ನಾಲ್ಕು ಘಟಕ: ತಂತ್ರಜ್ಞಾನವೆಂದರೆ ಬರೀ ಯಂತ್ರವಲ್ಲ ಎಂಬುದು ಮೊದಲನೆಯದು, ಸಂವಹನ ಮತ್ತು ಮಾಧ್ಯಮ ಎರಡನೆಯದು, ಪಾಠದ ವಿನ್ಯಾಸ ಮತ್ತು ಬೋಧನಾ ಕೌಶಲ ಮೂರನೆಯದು, ಕಂಪ್ಯೂಟರು, ಅಂತರ್ಜಾಲ ಮತ್ತು ಮುಕ್ತ ಪಾಠಸಾಮಗ್ರಿ ನಾಲ್ಕನೆಯದು. ಪ್ರಾಯೋಗಿಕಕ್ಕೆ ಮೂವತ್ತು ಗಂಟೆ: ಕ್ಯಾಮರಾದ ಮುಂದೆ ಅಭ್ಯಾಸಕ್ಕೆ ಇಪ್ಪತ್ತು, ಕಂಪ್ಯೂಟರಿನಲ್ಲಿ ಒಂದು ಪಾಠ ತಯಾರಿಸಲು ಹತ್ತು. ವರ್ಷಾಂತ್ಯದ ಪರೀಕ್ಷೆಗೆ ಎಪ್ಪತ್ತೈದು ಅಂಕ. ಕಾಲೇಜೇ ಕೊಡುವ ಒಳಗಿನ ಇಪ್ಪತ್ತೈದರಲ್ಲಿ ಅಭ್ಯಾಸಕ್ಕೆ ಹತ್ತು, ತಯಾರಿಸಿದ ಪಾಠಕ್ಕೆ ಹತ್ತು, ಓದಿದ ಪುಸ್ತಕದ ಟಿಪ್ಪಣಿಗೆ ಐದು.

ಓದುವ ಪಟ್ಟಿಯಲ್ಲಿ ಇಪ್ಪತ್ತೆರಡು ಪುಸ್ತಕಗಳಿದ್ದವು. ಗ್ರಂಥಪಾಲಕ ಕನ್ನಡಕ ಏರಿಸಿ ನೋಡಿದ. "ಇದರಲ್ಲಿ ಏಳು ನಮ್ಮಲ್ಲಿವೆ ಮೇಡಂ. ಉಳಿದ ಹದಿನೈದನ್ನ ಮಕ್ಕಳು ಕನಸಲ್ಲಿ ಓದಬೇಕಾ?" ಮೇಡಂ ನಕ್ಕು, ಆ ಏಳನ್ನು ಕಡ್ಡಾಯವೆಂದೂ ಉಳಿದವನ್ನು ಹೆಚ್ಚಿನ ಓದಿಗೆಂದೂ ಬೇರೆ ಮಾಡಿದಳು. ಅದು ಸುಲಭವಾಗಿ ಮುಗಿಯಿತು. ಕಷ್ಟ ಬೇರೆಡೆ ಕಾದಿತ್ತು.

ಸೋಮವಾರ ಬೆಳಿಗ್ಗೆ, ಸಿಲೆಬಸ್ಸಿಗೆ ಒಪ್ಪಿಗೆ ಕೊಡುವ ಅಧ್ಯಯನ ಮಂಡಳಿಯ ಅಧ್ಯಕ್ಷರು ಕರಡು ನೋಡಲು ಬಂದರು. ಕೆಂಪು ಪೆನ್ನಿನ ಮನುಷ್ಯ. ಕೆಟ್ಟವರಲ್ಲ, ಆದರೆ ಲೆಕ್ಕ ತಪ್ಪಿದರೆ ಅವರಿಗೆ ಹಲ್ಲು ನೋವು ಬಂದ ಹಾಗೆ. ಪ್ರಿನ್ಸಿಪಾಲರ ಕೋಣೆಗೆ ಚಹಾ ಒಯ್ದ ಬೀಗದಕ್ಕನಿಗೆ ಎಲ್ಲವೂ ಕೇಳಿಸಿತು.

"ಕ್ಯಾಮರಾ ಅಭ್ಯಾಸದ ಒಂದು ಸುತ್ತು ಮುಗಿಯೋಕೆ ಎಷ್ಟು ಹೊತ್ತಮ್ಮ?"

"ಮೂವತ್ತಾರು ನಿಮಿಷ ಸಾರ್. ಪಾಠಕ್ಕೆ ಆರು, ವಿಮರ್ಶೆಗೆ ಆರು, ಮರುಯೋಜನೆಗೆ ಹನ್ನೆರಡು, ಮರುಪಾಠಕ್ಕೆ ಆರು, ಮತ್ತೆ ವಿಮರ್ಶೆಗೆ ಆರು."

"ನಲವತ್ತು ಮಕ್ಕಳು, ತಲಾ ಎರಡು ಬೋಧನಾ ಕೌಶಲ, ಕೌಶಲಕ್ಕೊಂದು ಸುತ್ತು. ಎಂಬತ್ತು ಸುತ್ತು." ಪೆನ್ನು ಓಡಿತು. "ನಲವತ್ತೆಂಟು ಗಂಟೆ ಆಯ್ತು. ನೀವು ಇಟ್ಟಿರೋದು ಇಪ್ಪತ್ತು. ಎಲ್ಲಿಂದ ತಂದ್ರಿ ಈ ಇಪ್ಪತ್ತನ್ನ?"

"ಹಳೆ ಸಿಲೆಬಸ್ಸಿನಲ್ಲಿ ಇಪ್ಪತ್ತೇ ಇತ್ತು ಸಾರ್. ನಮ್ಮ ಕಾಲದಲ್ಲಿ ಆಗ್ತಿತ್ತು."

"ಹೇಗೆ ಆಗ್ತಿತ್ತು?"

ಮೇಡಂ ಕರಡಿನ ಪುಟ ತಿರುವಿದಳು. ವಿದ್ಯಾರ್ಥಿನಿಯಾಗಿ ಆಕೆ ಕಂಡದ್ದು ತನ್ನ ಸರದಿಯನ್ನು ಮಾತ್ರ.

"ನಾಳೆ ಹನ್ನೊಂದಕ್ಕೆ ಮಂಡಳಿ ಕೂರುತ್ತೆ," ಎಂದರು ಅಧ್ಯಕ್ಷರು. "ಅಷ್ಟರಲ್ಲಿ ಇದನ್ನ ಇಪ್ಪತ್ತಕ್ಕೆ ಕೂರಿಸಿ ತೋರಿಸಿ. ಆಗದಿದ್ರೆ ಕ್ಯಾಮರಾ ತೆಗೆದು, ಒಂದು ಲಿಖಿತ ವರದಿ ಅಂತ ಹಾಕೋಣ. ಮಕ್ಕಳಿಗೂ ಸಲೀಸು."

ಪ್ರಿನ್ಸಿಪಾಲರು ಸಮಾಧಾನದ ದನಿಯಲ್ಲಿ ಸೇರಿಸಿದರು: "ಹಾಗಾದ್ರೆ ಆ ಕೋಣೆ ಪರೀಕ್ಷಾ ವಿಭಾಗಕ್ಕೆ ಕೊಟ್ಟುಬಿಡೋಣ. ಉತ್ತರಪತ್ರಿಕೆ ಕಟ್ಟು ಇಡೋಕೆ ಜಾಗ ಇಲ್ಲ. ಬೀಗದಕ್ಕ, ಕೀಲಿ ನಾಳೆ ಸಂಜೆ ಅವರಿಗೆ ಒಪ್ಪಿಸಬೇಕಾಗಬಹುದು."

ಬೀಗದಕ್ಕ ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. ಲೋಟಗಳನ್ನು ತೊಳೆದು ಮಹಡಿಗೆ ಹೋದಳು. 

ಮೇಡಂ ಟಿ.ವಿ. ಕೋಣೆಯ ಬೆಂಚಿನ ಮೇಲೆ ಮುಖ ಇಳಿಬಿಟ್ಟು ಕೂತಿದ್ದಳು. ಸಂಖ್ಯೆಗಳನ್ನು ಅಡ್ಡ ಉದ್ದ ಬರೆದು ಹೊಡೆದು ಹಾಕಿದ ನಾಲ್ಕು ಹಾಳೆ ಮುಂದಿದ್ದವು.

"ಎರಡು ಕೌಶಲ ಬಿಟ್ಟು ಒಂದು ಮಾಡಿದ್ರೂ ಇಪ್ಪತ್ನಾಲ್ಕು ಗಂಟೆ ಅಕ್ಕ. ಕೂರಲ್ಲ. ಹಳೆ ಮೇಷ್ಟ್ರು ಸುಳ್ಳು ಲೆಕ್ಕ ಬರೆದಿದ್ರೋ ಏನೋ."

ಬೀಗದಕ್ಕನಿಗೆ ಚುರ್ರೆಂದಿತು. "ಅವರನ್ನ ಏನೂ ಅನ್ನಬೇಡ ತಾಯಿ. ಇಪ್ಪತ್ತಕ್ಕೆ ಇಪ್ಪತ್ತೇ ಆಗ್ತಿತ್ತು. ನನ್ನ ಪುಸ್ತಕದಲ್ಲಿದೆ."

"ಯಾವ ಪುಸ್ತಕ?"

ಬೀರುವಿನ ತಳದಿಂದ ಉದ್ದನೆಯ ಪುಸ್ತಕ ಹೊರಬಂತು. ಧೂಳಿರಲಿಲ್ಲ. ಒಂದು ಪುಟದಲ್ಲಿ ಹೀಗಿತ್ತು: ೧೦.೦೦, ೧೦.೦೭, ೧೦.೧೪, ೧೦.೨೧, ೧೦.೨೮, ೧೦.೩೫, ೧೦.೪೨, ೧೦.೪೯. ಮೊದಲ ನಾಲ್ಕರ ಮುಂದೆ ಒಂದೊಂದು ಗೀಟು, ಆಮೇಲಿನ ನಾಲ್ಕರ ಮುಂದೆ ಎರಡೆರಡು.

"ಇದೇನಕ್ಕ, ಬಸ್ಸಿನ ಟೈಮಾ?"

"ನಿಮ್ಮ ಟೈಮೇ ಕಣಮ್ಮ. ನಿನಗೆ ಹೊರಗಿದ್ದ ನಾಲ್ಕು ಕುರ್ಚಿ ನೆನಪಿಲ್ವಾ?"

"ಇದೆ. ಕಾಯೋಕೆ ಹಾಕಿದ್ರಿ."

"ಕಾಯೋಕಲ್ಲ." ಬೀಗದಕ್ಕ ನಾಲ್ಕು ಸೀಮೆಸುಣ್ಣದ ತುಂಡು ತೆಗೆದು ಬೆಂಚಿನ ಮೇಲೆ ಸಾಲಾಗಿಟ್ಟಳು. "ಇವಳು ಹತ್ತಕ್ಕೆ ಪಾಠ ಮಾಡಿ ಪಕ್ಕದ ಕೋಣೆಗೆ ಹೋದ್ಲು. ಮೇಷ್ಟ್ರು ಅಲ್ಲಿ ಟಿ.ವಿ. ಮುಂದೆ ಕೂತು ತಿದ್ದುತ್ತಾರೆ, ಆರು ನಿಮಿಷ. ಆಮೇಲೆ ಕುರ್ಚಿಗೆ ಬಂದು ಹನ್ನೆರಡು ನಿಮಿಷ ಯೋಚನೆ. ಅವಳು ಯೋಚನೆ ಮಾಡುವಾಗ ಕ್ಯಾಮರಾ ಏನು ಮಾಡಬೇಕು, ಬಾಯಿ ಬಿಟ್ಕೊಂಡು ನಿಂತಿರಬೇಕಾ? ಎರಡನೆಯವಳು ಬರ್ತಾಳೆ, ಮೂರನೆಯವಳು, ನಾಲ್ಕನೆಯವಳು. ನಾಲ್ಕನೆಯವಳು ಮುಗಿಸೋ ಹೊತ್ತಿಗೆ ಮೊದಲನೆಯವಳ ಯೋಚನೆನೂ ಮುಗಿದಿರುತ್ತೆ. ಮತ್ತೆ ಬಾ ತಾಯಿ ಅನ್ನೋದು, ಎರಡನೇ ಗೀಟು ಎಳೆಯೋದು."

ಮೇಡಂ ಪೆನ್ಸಿಲ್ ಎತ್ತಿದಳು. ಆರು ನಿಮಿಷ ಪಾಠ, ಬದಲಾಗಲು ಒಂದು. ಎಂಟು ಸಲ ಏಳು, ಐವತ್ತಾರು. ನಾಲ್ವರಿಗೆ ಒಂದು ಗಂಟೆ ಸಾಕು, ಮೇಲೆ ನಾಲ್ಕು ನಿಮಿಷ ಉಳಿಕೆ. ನಲವತ್ತು ಜನ ಎಂದರೆ ಹತ್ತು ಗುಂಪು. ಎರಡು ಕೌಶಲಕ್ಕೆ ಇಪ್ಪತ್ತು ಗಂಟೆ.

ಆಕೆ ಇಪ್ಪತ್ತರ ಸುತ್ತ ಒಂದು ಗೆರೆ ಎಳೆದಳು. ಆಮೇಲೆ, "ಅಕ್ಕ, ಇದನ್ನ ಹಳೆ ಸಿಲೆಬಸ್ಸಿನಲ್ಲಿ ಯಾರೂ ಬರೆದೇ ಇಲ್ಲ," ಎಂದಳು.

"ಕುರ್ಚಿ ಹಾಕೋದನ್ನೂ ಯಾರಾದ್ರೂ ಸಿಲೆಬಸ್ಸಿನಲ್ಲಿ ಬರೀತಾರಾ?"

"ಕೊನೆಯವಳ ಎರಡನೇ ವಿಮರ್ಶೆ?"

"ಅದು ಪಕ್ಕದ ಕೋಣೇಲಿ ನಡೀತಿರುತ್ತೆ, ಇಲ್ಲಿ ಮುಂದಿನ ಗುಂಪು ಶುರುವಾಗಿರುತ್ತೆ. ಕ್ಯಾಮರಾಗೆ ಎರಡು ಮೆಮೊರಿ ಕಾರ್ಡು. ಒಂದು ಟಿ.ವಿ.ಯಲ್ಲಿ, ಒಂದು ಕ್ಯಾಮರಾದಲ್ಲಿ. ಅದಲು ಬದಲು ಮಾಡೋಳು ನಾನು."

ಮಾತಿನಲ್ಲಿ ನಂಬಿದರೆ ಸಾಲದೆಂದು ಮಧ್ಯಾಹ್ನ ಮೂರಕ್ಕೆ ನಾಲ್ವರು ವಿದ್ಯಾರ್ಥಿನಿಯರನ್ನು ಕರೆದು ಮಾಡಿಯೇ ನೋಡಿದರು. ಐದಾರು ಜನ ಬೆಂಚಿನಲ್ಲಿ ಮಕ್ಕಳಾಗಿ ಕೂತರು. ಹತ್ತು ವರ್ಷದ ಮೇಲೆ ಕ್ಯಾಮರಾದ ಕೆಂಪು ದೀಪ ಹತ್ತಿತು, ಮೊದಲ ಒತ್ತಿಗೇ ಹತ್ತಿತು. ಮೇಡಂ ಒಳಗಿನ ಕೋಣೆಯಲ್ಲಿ ತಿದ್ದಿದಳು, ಬೀಗದಕ್ಕ ಗೋಡೆಯ ಗಡಿಯಾರ ನೋಡುತ್ತ ಕಾರ್ಡು ಬದಲಿಸಿದಳು. ಎರಡನೆಯ ಹುಡುಗಿ ತನ್ನನ್ನು ಟಿ.ವಿ.ಯಲ್ಲಿ ಕಂಡು, "ಅಯ್ಯೋ, ನಾನು ಇಷ್ಟೊಂದು ಕೈ ಬೀಸ್ತೀನಾ? ನೊಣ ಓಡಿಸಿದ ಹಾಗಿದೆ!" ಎಂದು ಮುಖ ಮುಚ್ಚಿಕೊಂಡಳು. ಎರಡನೇ ಸಲ ಕೈ ಕಟ್ಟಿ ನಿಂತಳು, ನಡುವೆ ಒಂದೇ ಸಲ ನೊಣ ಓಡಿಸಿದಳು. ಮೂರು ಗಂಟೆ ಐವತ್ತೇಳಕ್ಕೆ ಕ್ಯಾಮರಾ ನಿಂತಿತು. ಲೆಕ್ಕಕ್ಕಿಂತ ಒಂದು ನಿಮಿಷ ಜಾಸ್ತಿ. ನೊಣದ ನಗುವಿಗೆ ಹೋದದ್ದು.

ಆ ಸಂಜೆಯೇ ಮೇಡಂ ಪ್ರಾಯೋಗಿಕದ ಕೆಳಗೆ ಮೂರು ಸಾಲು ಸೇರಿಸಿದಳು: ನಾಲ್ವರ ಗುಂಪು, ಎರಡು ಕೋಣೆ, ಗುಂಪಿಗೆ ಒಂದು ಗಂಟೆ. ಸಮಯದ ಪಟ್ಟಿಯನ್ನು ಬೀಗದಕ್ಕನ ಪುಸ್ತಕದಿಂದ ಅಂಕಿ ಬಿಡದೆ ಇಳಿಸಿಕೊಂಡಳು.

ಮಂಗಳವಾರ ಹನ್ನೊಂದಕ್ಕೆ ಮಂಡಳಿ ಕೂತಿತು. ಬೀಗದಕ್ಕ ಬಾಗಿಲ ಹೊರಗೆ ನಿಂತಳು. ಒರೆಸಿದ ಕಿಟಕಿಯನ್ನೇ ಮೂರು ಸಲ ಒರೆಸಿದಳು. ಒಳಗೆ ದನಿ ಏರಿತು, ಇಳಿಯಿತು, ಒಮ್ಮೆ ಯಾರೋ ನಕ್ಕರು. ನಗು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ಕೈ ತಾನಾಗಿ ಒಂಬತ್ತನೆಯ ಕೀಲಿಯನ್ನು ಹಿಡಿದುಕೊಂಡಿತ್ತು.

ಬಾಗಿಲು ತೆರೆಯಿತು. ಅಧ್ಯಕ್ಷರೇ ಹೊರಗೆ ಬಂದರು, ಪೆನ್ನು ಇನ್ನೂ ಕೈಯಲ್ಲಿತ್ತು.

"ಕುರ್ಚಿಯವರು ನೀವೇನಾ?"

"ಹೌದು ಸಾರ್."

"ನಡುವೆ ಕರೆಂಟು ಹೋದ್ರೆ?"

"ಕ್ಯಾಮರಾಗೆ ಬ್ಯಾಟರಿ ಇದೆ ಸಾರ್, ಎರಡು ಗಂಟೆ ಬರುತ್ತೆ. ಟಿ.ವಿ. ಬರಲ್ಲ. ಆಗ ಕ್ಯಾಮರಾದ ಚಿಕ್ಕ ಪರದೆಯಲ್ಲೇ ತೋರಿಸ್ತೀವಿ. ಆ ದಿನ ನಾಲ್ವರಿಗೆ ಬದಲು ಇಬ್ಬರು."

"ಉಳಿದವರು?"

"ಗಂಟೆಗೆ ನಾಲ್ಕು ನಿಮಿಷ ಉಳಿಯುತ್ತಲ್ಲ ಸಾರ್, ಇಪ್ಪತ್ತು ಗಂಟೆಗೆ ಎಂಬತ್ತು ನಿಮಿಷ. ಅದರಲ್ಲಿ."

ಅಧ್ಯಕ್ಷರು ಮನಸ್ಸಿನಲ್ಲೇ ಗುಣಿಸಿದ್ದು ತುಟಿಯಲ್ಲಿ ಕಂಡಿತು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. "ಸರಿ ಇದೆ," ಎಂದರು. ಒಳಗೆ ತಿರುಗಿ, "ಪಾಸು ಮಾಡಿ, ಇದ್ದ ಹಾಗೇ," ಎಂದರು.

ಅವರ ಬೆನ್ನ ಹಿಂದೆ ಮೇಡಮ್ಮಿನ ಮುಖ ಕಂಡಿತು. ಅಳುವೋ ನಗುವೋ ಎರಡೂ ಒಟ್ಟಿಗೆ. ಪ್ರಿನ್ಸಿಪಾಲರು ಹಾದು ಹೋಗುತ್ತ, "ಉತ್ತರಪತ್ರಿಕೆಗೆ ಬೇರೆ ಜಾಗ ಹುಡುಕಬೇಕಾಯ್ತಲ್ಲಮ್ಮ," ಎಂದು ಸುಳ್ಳು ಕೋಪ ಮಾಡಿದರು.

"ಮೆಟ್ಟಿಲ ಕೆಳಗೆ ಜಾಗ ಇದೆ ಸಾರ್. ಒಂಬತ್ತು ಅಡಿ, ಐದು ಅಡಿ. ಅಳೆದಿದೀನಿ."

ಮೀಟಿಂಗಿನ ಲೋಟಗಳನ್ನು ತೊಳೆದಿಟ್ಟು ಆಕೆ ಮಹಡಿ ಹತ್ತಿದಳು. ನಾಲ್ಕು ಕುರ್ಚಿಗಳು ಹಿಂದಿನ ದಿನ ಹಾಕಿದ ಹಾಗೇ ಸಾಲಾಗಿ ಬಾಗಿಲ ಹೊರಗಿದ್ದವು. ಮೂವತ್ತೊಂದು ವರ್ಷದಲ್ಲಿ ಆಕೆ ಅವುಗಳ ಮೇಲೆ ಕೂತವಳಲ್ಲ. ಅವು ಯೋಚನೆ ಮಾಡುವವರ ಕುರ್ಚಿಗಳು. ಅಂದು ಕೊನೆಯದರ ಮೇಲೆ ಕೂತಳು, ಕಾಲು ಚಾಚಿದಳು, ಉದ್ದನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಪುಟದಲ್ಲಿ ದಿನಾಂಕ ಬರೆದಳು. ಅದರ ಕೆಳಗೆ ೧೨.೪೦ ಎಂದು ಬರೆದು ಒಂದು ಗೀಟು ಎಳೆದಳು. ಹನ್ನೆರಡು ನಿಮಿಷ ಅಲ್ಲಿಂದ ಏಳಲಿಲ್ಲ.